ಮೆದುಳು ಹಿಗ್ಗುವ ಏಣಿ: ಒಂದು ಮೀಮ್ ಮತ್ತು ವ್ಯಂಗ್ಯದ ಪದರಗಳು

(ಸಂಜೆಯ ಉಪನ್ಯಾಸವೊಂದನ್ನು ಓದಿಗೆ ಹೊಂದುವಂತೆ ತಿದ್ದಿ ಬರೆದದ್ದು. ಅಂದು ಪರದೆಯ ಮೇಲೆ ತೋರಿಸಿದ್ದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಸ್ನೇಹಿತರೆ,

ಇಂದು ನಾನು ಮಾತನಾಡಲಿರುವ ಮೀಮ್‌ನ ಹೆಸರು ನಿಮ್ಮಲ್ಲಿ ಕೆಲವರಿಗೆ ಗೊತ್ತಿಲ್ಲದಿರಬಹುದು, ಆದರೆ ಅದನ್ನು ನೋಡದವರು ಈ ಸಭೆಯಲ್ಲಿ ಇರಲಾರರು. ಎಡಭಾಗದಲ್ಲಿ ಒಂದರ ಕೆಳಗೊಂದು ನಾಲ್ಕು ಪುಟ್ಟ ಬರಹಗಳಿರುತ್ತವೆ. ಪ್ರತಿಯೊಂದರ ಪಕ್ಕದಲ್ಲಿ, ಬಲಭಾಗಕ್ಕೆ, ಒಂದೊಂದು ಚಿತ್ರ. ಮೊದಲ ಚಿತ್ರದಲ್ಲಿ ಎಕ್ಸ್‌ರೇಯಲ್ಲಿ ಕಂಡಂತಿರುವ ಒಂದು ತಲೆ, ಅದರೊಳಗೆ ಸಣ್ಣದೊಂದು ಮೆದುಳು. ಎರಡನೆಯದರಲ್ಲಿ ಮೆದುಳು ದೊಡ್ಡದಾಗಿ ಬೆಳಗತೊಡಗುತ್ತದೆ. ಮೂರನೆಯದರಲ್ಲಿ ಅದರಿಂದ ಕಿರಣಗಳು ಹೊಮ್ಮುತ್ತವೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ತಲೆಯ ಮಿತಿಯೇ ಹೊರಟುಹೋಗಿ, ಮನುಷ್ಯಾಕೃತಿಯೊಂದು ಬೆಳಕಿನಲ್ಲಿ ಮುಳುಗಿ ವಿಶ್ವದೊಡನೆ ಒಂದಾದಂತೆ ಕಾಣುತ್ತದೆ. ಇದನ್ನು ‘ಎಕ್ಸ್‌ಪ್ಯಾಂಡಿಂಗ್ ಬ್ರೇನ್’ ಎಂದೂ ‘ಗ್ಯಾಲಕ್ಸಿ ಬ್ರೇನ್’ ಎಂದೂ ಕರೆಯುತ್ತಾರೆ. ಅನಂತರದ ವರ್ಷಗಳಲ್ಲಿ ಐದು, ಏಳು, ಹತ್ತು ಚೌಕಟ್ಟುಗಳವರೆಗೂ ಇದು ಬೆಳೆದಿದೆ. ಚಿತ್ರಗಳು ಹೇಳುವುದು ಒಂದೇ ಮಾತು: ಕೆಳಗೆ ಹೋದಂತೆ ಬುದ್ಧಿ ಹೆಚ್ಚುತ್ತಿದೆ. ಬರಹ ಹೇಳುವುದು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ: ಕೆಳಗೆ ಹೋದಂತೆ ವಿಚಾರ ಹೆಚ್ಚು ಹೆಚ್ಚು ಅಸಂಬದ್ಧವಾಗುತ್ತಿದೆ. ಈ ಏಣಿಯನ್ನು ಹತ್ತುವುದೆಂದರೆ ಪುಟದಲ್ಲಿ ಇಳಿಯುವುದು ಎಂಬುದನ್ನೂ ಗಮನಿಸಿ. ಇದನ್ನು ಯಾರಾದರೂ ಯೋಚಿಸಿ ಮಾಡಿದ್ದೆಂದು ನನಗೆ ಅನಿಸುವುದಿಲ್ಲ, ಆದರೆ ಬಹಳ ಚೆನ್ನಾಗಿ ಒಪ್ಪುತ್ತದೆ.

ಈ ಮೀಮ್ 2017ರ ಆರಂಭದಲ್ಲಿ ಹರಡಿತು. ಆಗ ಎಲ್ಲರ ಕಣ್ಣಿಗೆ ಬಿದ್ದ ಏಣಿಯಲ್ಲಿ ನಾಲ್ಕೇ ಪದಗಳಿದ್ದವು: ‘ಹೂ’, ‘ಹೂಮ್’, ‘ಹೂಮ್‌ಸ್ಟ್’, ‘ಹೂಮ್‌ಸ್ಟ್‌ಡ್’. ಮೊದಲೆರಡು ನಿಜವಾದ ಇಂಗ್ಲಿಷ್ ಪದಗಳು: ‘ಯಾರು’ ಮತ್ತು ‘ಯಾರನ್ನು’. ಇಂಗ್ಲಿಷ್ ಮಾತನಾಡುವವರಲ್ಲಿ ‘ಹೂ’ ಎನ್ನುವುದಕ್ಕಿಂತ ‘ಹೂಮ್’ ಎನ್ನುವುದು ಓದಿದವರ ಲಕ್ಷಣವೆಂಬ ಭಾವನೆ ಇದೆ. ಹಾಗಾಗಿ ಬೇಡದ ಕಡೆಯಲ್ಲೂ ‘ಹೂಮ್’ ಬಳಸಿ ಪಾಂಡಿತ್ಯ ತೋರಿಸುವವರು ಇದ್ದಾರೆ. ನಮ್ಮಲ್ಲಿ ಸಮಾರಂಭದ ಬ್ಯಾನರಿನ ಮೇಲೆ ‘ಹಾರ್ದಿಕ’ ಎಂದು ಬರೆಯಬೇಕಾದಲ್ಲಿ ಘನತೆ ಹೆಚ್ಚಲೆಂದು ‘ಹಾರ್ಧಿಕ’ ಎಂದು ಮಹಾಪ್ರಾಣ ತುಂಬುತ್ತಾರಲ್ಲ, ಅದೇ ಜಾತಿಯ ತಪ್ಪು ಇದು. ಮೂರನೆಯ ಮತ್ತು ನಾಲ್ಕನೆಯ ಪದಗಳು ಯಾವ ವ್ಯಾಕರಣದಲ್ಲೂ ಇಲ್ಲ. ಆದರೆ ಒಂದರಿಂದ ಎರಡಕ್ಕೆ ಹೋಗುವಾಗ ಯಾವ ನಿಯಮ ಕೆಲಸ ಮಾಡಿತೋ, ಅಂದರೆ ಬಾಲ ಉದ್ದವಾದಷ್ಟೂ ಪದ ಗಂಭೀರ ಎಂಬ ಹುಸಿ ನಿಯಮ, ಅದನ್ನೇ ಬಿಡದೆ ಮುಂದುವರಿಸಿದರೆ ಅವು ಹುಟ್ಟಲೇಬೇಕು. ಪಾಂಡಿತ್ಯ ಪ್ರದರ್ಶನದ ಆಸೆಯನ್ನು ಅದರ ಕೊನೆಯವರೆಗೂ ಕೈಹಿಡಿದು ನಡೆಸಿಕೊಂಡು ಹೋದ ಏಣಿ ಅದು.

ಮೆಟ್ಟಿಲು ಮೆಟ್ಟಿಲಾಗಿ ಏರುವ ಮಾತು ಹೊಸದೇನೂ ಅಲ್ಲ. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ‘ಸಾರ’ ಎಂಬ ಹೆಸರೇ ಇದೆ. ಅಪ್ಪಯ್ಯ ದೀಕ್ಷಿತರ ಕುವಲಯಾನಂದದಲ್ಲಿ ಅದಕ್ಕೆ ಕೊಟ್ಟಿರುವ ಉದಾಹರಣೆಯಲ್ಲಿ ಮೂರು ಮೆಟ್ಟಿಲುಗಳಿವೆ: ಜೇನು ಸಿಹಿ, ಅದಕ್ಕಿಂತ ಅಮೃತ ಸಿಹಿ, ಅದಕ್ಕಿಂತ ಕವಿಯ ಮಾತು ಸಿಹಿ. ಇದು ನೇರವಾದ ಏಣಿ; ಇಲ್ಲಿ ಯಾರೂ ಯಾರನ್ನೂ ಅಣಕಿಸುತ್ತಿಲ್ಲ. ನಮಗೆ ಇಂದು ಹೆಚ್ಚು ಉಪಯೋಗಕ್ಕೆ ಬರುವುದು ಇನ್ನೊಂದು ಪ್ರಸಿದ್ಧ ಸುಭಾಷಿತ. ಹುಲ್ಲಿಗಿಂತ ಹತ್ತಿ ಹಗುರ, ಹತ್ತಿಗಿಂತಲೂ ಬೇಡುವವನು ಹಗುರ ಎಂದು ಅದು ಶುರುವಾಗುತ್ತದೆ. ಹಾಗಿದ್ದರೆ ಗಾಳಿ ಅವನನ್ನು ಏಕೆ ಹಾರಿಸಿಕೊಂಡು ಹೋಗಲಿಲ್ಲ ಎಂದು ಕೇಳುತ್ತದೆ. ತನ್ನ ಬಳಿಯೂ ಏನಾದರೂ ಬೇಡಿಯಾನು ಎಂಬ ಹೆದರಿಕೆಯಿಂದ, ಎಂದು ಉತ್ತರವನ್ನೂ ಕೊಡುತ್ತದೆ.

ಈ ಶ್ಲೋಕದ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡೋಣ. ಹುಲ್ಲು ಮತ್ತು ಹತ್ತಿಯ ನಡುವೆ ‘ಹಗುರ’ ಎಂದರೆ ತೂಕ. ಬೇಡುವವನ ಮೆಟ್ಟಿಲಿಗೆ ಬಂದಾಗ ‘ಹಗುರ’ ಎಂದರೆ ಮರ್ಯಾದೆ. ಅಳತೆಗೋಲು ನಡುದಾರಿಯಲ್ಲಿ ಬದಲಾಯಿತು, ಆದರೆ ಸಾಲಿನ ಲಯ ಅದನ್ನು ನಮ್ಮ ಗಮನಕ್ಕೆ ತರಲಿಲ್ಲ. ಅದಾದ ಮೇಲೆ ಕವಿ ಅಮಾಯಕನಂತೆ ಹಳೆಯ ಅಳತೆಗೆ ಹಿಂದಿರುಗಿ, ತೂಕವಿಲ್ಲದ ವಸ್ತುವನ್ನು ಗಾಳಿ ಹಾರಿಸಬೇಕಲ್ಲ ಎಂದು ಪಟ್ಟುಹಿಡಿಯುತ್ತಾನೆ. ಪ್ರತಿಯೊಂದು ಹೆಜ್ಜೆಯೂ ಹಿಂದಿನ ಹೆಜ್ಜೆಗೆ ನಿಷ್ಠವಾಗಿಯೇ ಇದೆ. ಮುಟ್ಟಿದ ಜಾಗ ಮಾತ್ರ ಹುಚ್ಚು. ಒಳ್ಳೆಯ ಮೆದುಳಿನ ಏಣಿಗಳೆಲ್ಲವೂ ಹೀಗೆಯೇ ನಡೆಯುತ್ತವೆ. ಅಸಂಬದ್ಧತೆಯನ್ನು ಕೊನೆಯಲ್ಲಿ ತಂದು ಅಂಟಿಸುವುದಲ್ಲ. ಮಧ್ಯದ ಯಾವುದೋ ಮೆಟ್ಟಿಲಿನಲ್ಲಿ ಅಳತೆಗೋಲನ್ನು ಸದ್ದಿಲ್ಲದೆ ಬದಲಿಸಿ, ಕೊನೆಯಲ್ಲಿ ಅದರ ಫಲವನ್ನು ವಸೂಲಿ ಮಾಡುವುದು.

ಇದನ್ನು ಕಣ್ಣೆದುರು ನೋಡಲು ಉಪನ್ಯಾಸಕ್ಕಾಗಿಯೇ ಒಂದು ಏಣಿಯನ್ನು ಕಟ್ಟಿಕೊಂಡು ಬಂದಿದ್ದೇನೆ. ಸಮಸ್ಯೆ: ಬೆಳಿಗ್ಗೆ 6 ಗಂಟೆಗೆ ಏಳುವುದು ಹೇಗೆ? ಮೊದಲ ಮೆಟ್ಟಿಲು: 6 ಗಂಟೆಗೆ ಅಲಾರಂ ಇಡುವುದು. ಎರಡನೆಯದು: ಐದೂವರೆಯಿಂದ ಹತ್ತು ಹತ್ತು ನಿಮಿಷಕ್ಕೊಂದರಂತೆ ನಾಲ್ಕು ಅಲಾರಂ ಇಡುವುದು. ಮೂರನೆಯದು: ಗೋಡೆಯ ಗಡಿಯಾರವನ್ನು 15 ನಿಮಿಷ ಮುಂದಕ್ಕಿಟ್ಟು, ಮುಂದಿಟ್ಟಿದ್ದೇನೆಂದು ಗೊತ್ತಿದ್ದೂ ತನ್ನನ್ನು ತಾನೇ ಹೆದರಿಸಿಕೊಳ್ಳುವುದು. ನಾಲ್ಕನೆಯದು: ರಾತ್ರಿ ಮಲಗುವುದನ್ನೇ ಬಿಡುವುದು, ಮಲಗದವನಿಗೆ ಏಳುವ ಕಷ್ಟವೆಲ್ಲಿ? ಐದನೆಯದು, ವಿಶ್ವದೊಡನೆ ಒಂದಾದ ಮನುಷ್ಯನ ಚಿತ್ರದ ಪಕ್ಕದಲ್ಲಿರುವುದು: ಯಾವಾಗ ಎದ್ದರೂ ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಆಗ 6 ಗಂಟೆ.

ಇಲ್ಲಿ ಅಳತೆಗೋಲು ಎಲ್ಲಿ ಬದಲಾಯಿತು? ಮೊದಲ ಎರಡು ಮೆಟ್ಟಿಲುಗಳಲ್ಲಿ ಗುರಿ ಎಚ್ಚರವಾಗುವುದು. ಮೂರನೆಯದರಲ್ಲಿ ಗುರಿ, ಹೊತ್ತಾಯಿತೆಂದು ನಂಬುವುದು. ಎಚ್ಚರದಿಂದ ನಂಬಿಕೆಗೆ ಜಾರಿದ್ದು ಅಲ್ಲಿಯೇ. ಆ ಜಾರುವಿಕೆ ನಮಗೆ ತಿಳಿಯುವುದಿಲ್ಲ, ಏಕೆಂದರೆ ಗಡಿಯಾರವನ್ನು ಮುಂದಿಡುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿ ನಿಜವಾಗಿಯೂ ಇದೆ, ಅದನ್ನು ಯಾರೂ ಹುಚ್ಚೆಂದು ಕರೆಯುವುದಿಲ್ಲ. ಒಮ್ಮೆ ಅದನ್ನು ಒಪ್ಪಿಕೊಂಡ ಮೇಲೆ ಐದನೆಯ ಮೆಟ್ಟಿಲನ್ನು ನಿರಾಕರಿಸಲು ನಮ್ಮ ಬಳಿ ಆಧಾರವಿರುವುದಿಲ್ಲ. ಗಡಿಯಾರವನ್ನು 15 ನಿಮಿಷ ಸರಿಸಬಹುದಾದರೆ ಮೂರೂವರೆ ಗಂಟೆ ಏಕೆ ಸರಿಸಬಾರದು? ತಮಾಷೆಯೆಂದರೆ, ಇಡೀ ಏಣಿಯಲ್ಲಿ ಹೆಚ್ಚುಕಡಿಮೆ ಅಲುಗಾಡಿಸಲಾಗದಷ್ಟು ನಿಜವಾದ ಹೇಳಿಕೆ ಆ ಕೊನೆಯದೇ. ಬೆಂಗಳೂರಿನಲ್ಲಿ 9:30ಕ್ಕೆ ಎದ್ದವರಿಗೆ ಜೋಹಾನ್ಸ್‌ಬರ್ಗ್‌ನಲ್ಲಿ ಆಗ ಸರಿಯಾಗಿ 6 ಗಂಟೆ. (9 ಗಂಟೆಗೆ ಎದ್ದವರು ಮಾತ್ರ ಇಕ್ಕಟ್ಟಿಗೆ ಸಿಲುಕುತ್ತಾರೆ, ನಮ್ಮ ಕಾಲಮಾನಕ್ಕಿಂತ ಮೂರು ಗಂಟೆ ಹಿಂದಿರುವ ದೇಶ ಯಾವುದೂ ಇಲ್ಲ. ಇನ್ನರ್ಧ ಗಂಟೆ ಮಲಗುವುದು ಅವರಿಗೆ ಶಾಸ್ತ್ರಸಮ್ಮತ.) ವಾದಕ್ಕೆ ಅತ್ಯಂತ ಭದ್ರ, ಉಪಯೋಗಕ್ಕೆ ಅತ್ಯಂತ ದಂಡ: ಕೊನೆಯ ಮೆಟ್ಟಿಲಿಗೆ ಇರಬೇಕಾದ ಗುಣ ಇದೇ ಎಂದು ನನ್ನ ಅಭಿಪ್ರಾಯ.

ಏಣಿಯನ್ನು ಕೆಡಿಸಿ ನೋಡಿದರೆ ಅದರ ರಚನೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಾಲ್ಕನೆಯ ಮೆಟ್ಟಿಲಿನ ಜಾಗದಲ್ಲಿ ‘ಮಂಚದ ಪಕ್ಕದಲ್ಲಿ ಆನೆಯೊಂದನ್ನು ಸಾಕುವುದು’ ಎಂದು ಬರೆಯಿರಿ. ಓದುವವರು ನಕ್ಕಾರು, ಆದರೆ ಆ ನಗು ಆನೆಯದು, ಏಣಿಯದಲ್ಲ. ಹಿಂದಿನ ಮೆಟ್ಟಿಲಿನಿಂದ ಆನೆಯ ಬಳಿಗೆ ಹೋಗುವ ದಾರಿಯಿಲ್ಲ, ಆನೆಯಿಂದ ಮುಂದಕ್ಕೂ ದಾರಿಯಿಲ್ಲ. ಹೊಸದಾಗಿ ಮೀಮ್ ಮಾಡುವವರ ಏಣಿಗಳು ಹೆಚ್ಚಾಗಿ ಇಲ್ಲಿಯೇ ಮುರಿಯುತ್ತವೆ. ಅಸಂಬದ್ಧವೆಂದರೆ ಏನು ಬೇಕಾದರೂ ಆಗಬಹುದು ಎಂದುಕೊಂಡು ನಿಯಮವನ್ನು ಕೈಬಿಡುತ್ತಾರೆ. ಇನ್ನೊಂದು ಪ್ರಯೋಗ: ಎರಡನೆಯ ಮೆಟ್ಟಿಲನ್ನು ಕಿತ್ತುಹಾಕಿ. ಅದರಲ್ಲಿ ನಗು ತರಿಸುವಂಥದ್ದು ಏನೂ ಇರಲಿಲ್ಲ, ಹಾಗಾಗಿ ನಷ್ಟವೂ ಇರಬಾರದು. ಆದರೆ ಏಣಿ ಕುಂಟುತ್ತದೆ. ಓದುವವರು ‘ಹೌದು, ನಾನೂ ಹೀಗೆಯೇ ಮಾಡುತ್ತೇನೆ’ ಎಂದು ತಲೆದೂಗುವುದು ಎರಡನೆಯ ಮೆಟ್ಟಿಲಿನಲ್ಲಿ. ಆ ತಲೆದೂಗು ಸಿಗದೆ ಮೂರನೆಯದನ್ನು ಅವರ ಕೈಯಲ್ಲಿ ಒಪ್ಪಿಸುವುದು ಕಷ್ಟ.

ಇನ್ನು ವ್ಯಂಗ್ಯಕ್ಕೆ ಬರೋಣ. ವ್ಯಂಗ್ಯವೆಂದರೇನು ಎಂದು ಕೇಳಿದರೆ ನಾವೆಲ್ಲ ಥಟ್ಟನೆ ಕೊಡುವ ಉತ್ತರ, ಹೇಳಿದ್ದಕ್ಕೆ ವಿರುದ್ಧವಾದದ್ದನ್ನು ಸೂಚಿಸುವುದು ಎಂದು. ಈ ಉತ್ತರಕ್ಕೆ ಗಟ್ಟಿಯಾದ ಪರಂಪರೆಯಿದೆ. ಮಮ್ಮಟನ ಕಾವ್ಯಪ್ರಕಾಶದಲ್ಲಿ, ಕೆಡುಕು ಮಾಡಿದವನನ್ನು ಉದ್ದೇಶಿಸಿ ‘ಬಹಳ ಉಪಕಾರ ಮಾಡಿದಿರಿ, ನಿಮ್ಮ ಸೌಜನ್ಯವನ್ನು ಏನೆಂದು ಹೇಳಲಿ, ಸದಾ ಹೀಗೆಯೇ ಮಾಡುತ್ತಾ ನೂರು ವರ್ಷ ಸುಖವಾಗಿ ಬಾಳಿ’ ಎನ್ನುವ ಪದ್ಯವೊಂದು ಬರುತ್ತದೆ. ಉಪಕಾರವೆಂದರೆ ಅಪಕಾರ, ಸೌಜನ್ಯವೆಂದರೆ ದೌರ್ಜನ್ಯ ಎಂದು ತಿರುಗಿಸಿ ಓದಿಕೊಂಡರೆ ಅರ್ಥ ಕೈಗೆ ಸಿಗುತ್ತದೆ. ಇದನ್ನು ವಿಪರೀತ ಲಕ್ಷಣೆ ಎನ್ನುತ್ತಾರೆ. 1975ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಲೇಖನದಲ್ಲಿ ತತ್ತ್ವಜ್ಞಾನಿ ಪಾಲ್ ಗ್ರೈಸ್ ವ್ಯಂಗ್ಯವನ್ನು ವಿವರಿಸಿದ್ದೂ ಹೆಚ್ಚುಕಡಿಮೆ ಹೀಗೆಯೇ: ಆಡಿದವನು ನಿಜವಲ್ಲದ್ದನ್ನು ಎಲ್ಲರಿಗೂ ಕಾಣುವಂತೆ ಹೇಳಿದಾಗ, ಕೇಳಿದವನು ಅದರ ವಿರುದ್ಧಾರ್ಥವನ್ನು ಊಹಿಸಿಕೊಳ್ಳುತ್ತಾನೆ.

ಈ ಸೂತ್ರವನ್ನು ನಮ್ಮ ಐದನೆಯ ಮೆಟ್ಟಿಲಿಗೆ ಹಚ್ಚಿ ನೋಡಿ. ‘ಯಾವಾಗ ಎದ್ದರೂ ಎಲ್ಲೋ ಒಂದು ಕಡೆ 6 ಗಂಟೆ’ ಎಂಬುದರ ವಿರುದ್ಧ ಯಾವುದು? ‘ಯಾವಾಗ ಎದ್ದರೂ ಎಲ್ಲಿಯೂ 6 ಗಂಟೆಯಲ್ಲ’ ಎಂದೇ? ಅದು ಮೀಮ್‌ನ ಅರ್ಥವಲ್ಲ. ಬರಹ ಮತ್ತು ಚಿತ್ರ ಎರಡನ್ನೂ ಸೇರಿಸಿ ‘ಹೀಗೆ ಯೋಚಿಸುವುದು ಮಹಾಬುದ್ಧಿವಂತಿಕೆ’ ಎಂದು ಓದಿಕೊಂಡು ತಿರುಗಿಸಿದರೆ ‘ಹೀಗೆ ಯೋಚಿಸುವುದು ಮಹಾಬುದ್ಧಿವಂತಿಕೆಯಲ್ಲ’ ಎಂದಾಗುತ್ತದೆ. ನಿಜವೇ, ಆದರೆ ಇಷ್ಟನ್ನು ಹೇಳಲು ಏಣಿ ಏಕೆ ಬೇಕಿತ್ತು? ನಗು ಎಲ್ಲಿಂದ ಬಂತು? ವಿರುದ್ಧಾರ್ಥದ ಸೂತ್ರ ಮೀಮ್‌ನ ತೀರ್ಪನ್ನು ಹಿಡಿದುಕೊಡುತ್ತದೆ, ಅದರ ಬಾಳುವೆಯನ್ನಲ್ಲ.

ಭಾಷಾಶಾಸ್ತ್ರದಲ್ಲಿ ಈ ಸೂತ್ರಕ್ಕೆ ಬಂದ ಮುಖ್ಯ ಆಕ್ಷೇಪ 1981ರದು. ಡಾನ್ ಸ್ಪರ್ಬರ್ ಮತ್ತು ಡಿಯರ್ಡ್ರಿ ವಿಲ್ಸನ್ ಹೇಳಿದ್ದು ಸರಳವಾಗಿದೆ: ವ್ಯಂಗ್ಯವಾಡುವವನು ತನ್ನ ಮಾತನ್ನು ತಿರುಗಿಸಿ ಹೇಳುತ್ತಿಲ್ಲ, ಬೇರೆ ಯಾರದೋ ಮಾತನ್ನು ಅಥವಾ ಯೋಚನೆಯನ್ನು ಪ್ರತಿಧ್ವನಿಸುತ್ತಿದ್ದಾನೆ, ಮತ್ತು ಆ ಪ್ರತಿಧ್ವನಿಯಲ್ಲೇ ಅದರ ಬಗೆಗಿನ ತನ್ನ ತಾತ್ಸಾರವನ್ನು ತೋರಿಸುತ್ತಿದ್ದಾನೆ. ಮಳೆ ಸುರಿಯುತ್ತಿರುವಾಗ ‘ಎಂಥ ಸೊಗಸಾದ ದಿನ’ ಎಂದವನು, ಬೆಳಿಗ್ಗೆ ‘ಇಂದು ಸೊಗಸಾದ ದಿನ’ ಎಂದು ಹೇಳಿ ಎಲ್ಲರನ್ನೂ ಹೊರಡಿಸಿದವನ ಮಾತನ್ನು ಅವನಿಗೇ ಹಿಂದಿರುಗಿಸುತ್ತಿರುತ್ತಾನೆ. ಹಾಗಾಗಿ ಕೇಳಬೇಕಾದದ್ದು, ಇದರ ವಿರುದ್ಧ ಯಾವುದು ಎಂದಲ್ಲ. ಇದು ಯಾರ ದನಿ ಎಂದು.

ಈ ಪ್ರಶ್ನೆಯನ್ನು ಏಣಿಗೆ ಕೇಳಿದರೆ ಅದು ತಟ್ಟನೆ ಬಾಯಿ ಬಿಡುತ್ತದೆ. ಎಡಗಡೆಯ ಬರಹ, ಅಪರಾತ್ರಿಯಲ್ಲಿ ಹಾಸಿಗೆಯ ಮೇಲೆ ಕುಳಿತು ತನ್ನ ಸೋಮಾರಿತನಕ್ಕೆ ಸಮರ್ಥನೆ ಹುಡುಕುತ್ತಿರುವ ಒಬ್ಬ ಜಾಣನ ದನಿ. ಬಲಗಡೆಯ ಚಿತ್ರ ಇನ್ನೊಬ್ಬನ ದನಿ: ಆ ಜಾಣನ ಪ್ರತಿಯೊಂದು ಮಾತಿಗೂ ‘ಆಹಾ’ ಎನ್ನುವ ಭಕ್ತ. ಮಹಾಚೈತನ್ಯ, ಮೆದುಳಿನ ಸುಪ್ತ ಶಕ್ತಿ, ವಿಶ್ವಪ್ರಜ್ಞೆ ಎಂದೆಲ್ಲ ಹೇಳುವ ಲೇಖನಗಳ ಜೊತೆಗೆ ಬರುವ ಬಗೆಯ ಗಣಕಚಿತ್ರಗಳಿವು. ಆ ಲೇಖನಗಳ ಉಸಿರು ಅವುಗಳಲ್ಲಿ ಉಳಿದುಕೊಂಡಿದೆ. ಬರಹ ಎಡಕ್ಕೆ, ಚಿತ್ರ ಬಲಕ್ಕೆ ಇರುವುದರಿಂದ ನಾವು ಮೊದಲು ಮಾತನ್ನು ಓದಿ ಆಮೇಲೆ ಚಪ್ಪಾಳೆಯನ್ನು ಕಾಣುತ್ತೇವೆ. ಮೀಮ್ ಮಾಡಿದವರು ಈ ಇಬ್ಬರ ಹಿಂದೆ ಮೂರನೆಯವರಾಗಿ ಮೌನವಾಗಿರುತ್ತಾರೆ. ಅಂದರೆ ಅತ್ಯಂತ ಸರಳವಾದ ಏಣಿಯಲ್ಲಿಯೇ ಎರಡು ಅಣಕು ದನಿಗಳಿವೆ. ನಗುವುದು ಜಾಣನನ್ನು ನೋಡಿಯೋ ಭಕ್ತನನ್ನು ನೋಡಿಯೋ ಎಂದು ಬೇರ್ಪಡಿಸುವುದು ಕಷ್ಟ. ಬಹುಪಾಲು ಇಬ್ಬರನ್ನೂ, ಮತ್ತು ಆ ಜಾಣನಲ್ಲಿ ನಮ್ಮ ಮುಖವೂ ಕಾಣುವುದರಿಂದ ಸ್ವಲ್ಪ ನಮ್ಮನ್ನೂ ನೋಡಿ.

ಪದರಗಳ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಜಾಲದಲ್ಲಿ ‘ನಾನು ಇದನ್ನು ಎಷ್ಟನೆಯ ಪದರದ ವ್ಯಂಗ್ಯದಲ್ಲಿ ಹೇಳುತ್ತಿದ್ದೇನೆಂದು ನನಗೇ ಗೊತ್ತಿಲ್ಲ’ ಎಂಬ ಧಾಟಿಯ ಮಾತು ಬಹಳ ಕೇಳಿಬರುತ್ತದೆ. ವ್ಯಂಗ್ಯವೆಂದರೆ ವಿರುದ್ಧಾರ್ಥ ಎಂದು ಹಿಡಿದರೆ ಈ ಮಾತಿಗೆ ಅರ್ಥವಿರಬಾರದು. ವ್ಯಂಗ್ಯದ ವ್ಯಂಗ್ಯವೆಂದರೆ ವಿರುದ್ಧದ ವಿರುದ್ಧ, ಅಂದರೆ ಮೊದಲಿನ ನೇರ ಮಾತು. ಬೆಸಸಂಖ್ಯೆಯ ಪದರವಾದರೆ ವ್ಯಂಗ್ಯ, ಸಮಸಂಖ್ಯೆಯಾದರೆ ನೇರ ಎಂದು ಲೆಕ್ಕ ಮುಗಿಯಬೇಕಿತ್ತು. ನಮ್ಮ ಅನುಭವ ಹಾಗಿಲ್ಲ. ಎರಡು ಪದರ ದಾಟಿ ಬಂದ ನೇರ ಮಾತು ಮೊದಲಿನ ನೇರ ಮಾತಲ್ಲ.

ಮತ್ತೆ ನಾಲ್ಕನೆಯ ಮೆಟ್ಟಿಲನ್ನೇ ತೆಗೆದುಕೊಳ್ಳಿ: ರಾತ್ರಿ ಮಲಗುವುದನ್ನೇ ಬಿಡುವುದು. ಬೆಂಗಳೂರಿನಲ್ಲಿ ಅಮೆರಿಕದ ಗಿರಾಕಿಗಳ ಹೊತ್ತಿಗೆ ಸರಿಯಾಗಿ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಈ ಏಣಿಯನ್ನು ತನ್ನ ಗೆಳೆಯರ ಗುಂಪಿಗೆ ಕಳಿಸುತ್ತಾಳೆ ಎಂದಿಟ್ಟುಕೊಳ್ಳಿ. ಅವಳ ಮಟ್ಟಿಗೆ ನಾಲ್ಕನೆಯ ಮೆಟ್ಟಿಲು ಅಸಂಬದ್ಧವಲ್ಲ, ಹಾಜರಿ ಪುಸ್ತಕ. ಚಿತ್ರದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಆದರೆ ಪ್ರತಿಧ್ವನಿಸುತ್ತಿರುವ ದನಿ ಬದಲಾಗಿದೆ. ಮೊದಲು ಅಣಕಕ್ಕೆ ಗುರಿಯಾಗಿದ್ದವನು ಮಲಗದಿರುವುದನ್ನು ಉಪಾಯವೆಂದುಕೊಂಡ ಜಾಣ. ಈಗ ಗುರಿ, ಮಲಗದಿರುವುದನ್ನು ಬರಿಯ ತಮಾಷೆ ಎಂದುಕೊಂಡ ಏಣಿಯ ಕರ್ತೃ, ಅವನ ಜೊತೆಗೆ ಆ ತಮಾಷೆಯನ್ನೇ ಉದ್ಯೋಗವಾಗಿ ಒಪ್ಪಿಕೊಂಡ ಅವಳು. ಎರಡನೆಯ ಪದರವೆಂದರೆ ಇದು. ಅದು ಮೊದಲ ಪದರವನ್ನು ಅಳಿಸುವುದಿಲ್ಲ, ಅದನ್ನಾಡಿದವರನ್ನು ಉದ್ಧರಣೆಯೊಳಗೆ ಹಾಕುತ್ತದೆ. ಪದರಗಳನ್ನು ಎಣಿಸುವುದೆಂದರೆ ಒಬ್ಬರೊಳಗೊಬ್ಬರು ಮಾತನಾಡುತ್ತಿರುವ ಜನರನ್ನು ಎಣಿಸುವುದು. ಪ್ರತಿಯೊಂದು ಪದರದಲ್ಲೂ ‘ಇಲ್ಲಿ ಅಣಕಕ್ಕೆ ಸಿಕ್ಕವರು ಇವರು’ ಎಂದು ಬೆರಳು ತೋರಿಸಲು ಸಾಧ್ಯವಿರುವವರೆಗೆ ಪದರ ನಿಜ. ಬೆರಳಿಗೆ ಯಾರೂ ಸಿಗದಿದ್ದರೆ ಅಲ್ಲಿ ಇರುವುದು ಪದರವಲ್ಲ, ಆಳವಿದೆಯೆಂಬ ನಟನೆ. ಏಳನೆಯ ಪದರದ ವ್ಯಂಗ್ಯ ಎಂದು ಯಾರಾದರೂ ಹೇಳಿದಾಗ ನಾನು ಆ ಏಳು ಜನರನ್ನು ಹುಡುಕುತ್ತೇನೆ. ಮೂರನೆಯವರಾಚೆಗೆ ಬಹಳ ಸಲ ಯಾರೂ ಇರುವುದಿಲ್ಲ.

ಇದಕ್ಕಿಂತ ತೊಡಕಿನ ಬಳಕೆ ಇನ್ನೊಂದಿದೆ. ಏಣಿಯ ಕೊನೆಯ ಮೆಟ್ಟಿಲಿನಲ್ಲಿ ಮಾಡಿದವರು ತಾವು ನಿಜವಾಗಿ ನಂಬುವುದನ್ನೇ ಇಡುತ್ತಾರೆ. ಜಾಲದಲ್ಲಿ ಇದನ್ನು ‘ಪೋಸ್ಟ್ ಐರನಿ’ ಎನ್ನುತ್ತಾರೆ. ನಮ್ಮ ಊರಿನ ವಿಷಯವನ್ನೇ ಇಟ್ಟು ಒಂದು ಏಣಿ ಕಟ್ಟೋಣ. ಬೆಂಗಳೂರಿನ ವಾಹನ ದಟ್ಟಣೆಗೆ ಪರಿಹಾರವೇನು? ಒಂದು: ರಸ್ತೆಯನ್ನು ಅಗಲ ಮಾಡುವುದು. ಎರಡು: ಮೇಲ್ಸೇತುವೆ ಕಟ್ಟುವುದು. ಮೂರು: ಮೇಲ್ಸೇತುವೆಯ ಮೇಲೆ ಇನ್ನೊಂದು ಮೇಲ್ಸೇತುವೆ ಕಟ್ಟುವುದು. ನಾಲ್ಕು, ವಿಶ್ವಪುರುಷನ ಪಕ್ಕದಲ್ಲಿ: ಬಸ್ಸಿನಲ್ಲಿ ಹೋಗುವುದು.

ಇದನ್ನು ಇಬ್ಬರು ಓದುತ್ತಾರೆ. ಸಾರ್ವಜನಿಕ ಸಾರಿಗೆಯ ಪರವಾಗಿರುವವರು, ಮೂರನೆಯ ಮೆಟ್ಟಿಲಿನವರೆಗೆ ಹುಚ್ಚು ಏರಿ ನಾಲ್ಕನೆಯದರಲ್ಲಿ ಬುದ್ಧಿ ಬಂತು, ಇಷ್ಟು ಸರಳವಾದ ಮಾತಿಗೆ ವಿಶ್ವಪ್ರಜ್ಞೆ ಬೇಕಾಯಿತಲ್ಲ ಎಂದು ನಗುತ್ತಾರೆ. ಕಾರು ಬಿಟ್ಟು ಇಳಿಯುವ ಯೋಚನೆಯೇ ಇಲ್ಲದವರು, ಮೂರು ಹಂತದ ಹುಚ್ಚಿಗಿಂತಲೂ ದೊಡ್ಡ ಹುಚ್ಚಾಗಿ ಬಸ್ಸನ್ನು ಇಟ್ಟಿದ್ದಾರೆ ಎಂದುಕೊಂಡು ನಗುತ್ತಾರೆ. ಇಬ್ಬರೂ ಒಂದೇ ಚಿತ್ರವನ್ನು ಮೆಚ್ಚಿ ಮುಂದಕ್ಕೆ ಕಳಿಸುತ್ತಾರೆ, ಪರಸ್ಪರ ವಿರುದ್ಧವಾದ ಕಾರಣಗಳಿಗಾಗಿ. ಚಿತ್ರಮಾಲಿಕೆ ಈ ವಿಷಯದಲ್ಲಿ ನಮಗೆ ಸಹಾಯ ಮಾಡಲಾರದು, ಏಕೆಂದರೆ ಬೆಳಕು ಹೊಮ್ಮುವ ಮೆದುಳು ಒಂದು ಸಂಪ್ರದಾಯದಲ್ಲಿ ಹೊಗಳಿಕೆ, ಇನ್ನೊಂದರಲ್ಲಿ ಬೈಗುಳ. ಇಂಗ್ಲಿಷಿನಲ್ಲಿ ‘ಗ್ಯಾಲಕ್ಸಿ ಬ್ರೇನ್’ ಎಂಬುದು ಈಗ ಚಿತ್ರವನ್ನು ಬಿಟ್ಟು ಬಂದು, ಅತಿಜಾಣತನದ ವಾದಕ್ಕೆ ಹಚ್ಚುವ ವಿಶೇಷಣವೇ ಆಗಿದೆ.

ಸಾಹಿತ್ಯ ವಿಮರ್ಶಕ ವೇಯ್ನ್ ಬೂತ್ 1974ರಲ್ಲಿ ವ್ಯಂಗ್ಯದ ಕುರಿತು ಬರೆದ ಪುಸ್ತಕದಲ್ಲಿ, ಓದುಗನು ವ್ಯಂಗ್ಯವನ್ನು ಹೇಗೆ ಬಿಡಿಸಿಕೊಳ್ಳುತ್ತಾನೆಂಬುದನ್ನು ನಾಲ್ಕು ಹೆಜ್ಜೆಗಳಲ್ಲಿ ವಿವರಿಸುತ್ತಾನೆ. ಮೊದಲು ಅಕ್ಷರಶಃ ಅರ್ಥವನ್ನು ತಿರಸ್ಕರಿಸುತ್ತೇವೆ. ಬಳಿಕ ಬೇರೆ ಅರ್ಥಗಳನ್ನು ಹಚ್ಚಿ ನೋಡುತ್ತೇವೆ. ಆಮೇಲೆ ಬರೆದವರ ತಿಳಿವಳಿಕೆ ಮತ್ತು ನಂಬಿಕೆಗಳು ಏನಿರಬಹುದೆಂದು ತೀರ್ಮಾನಿಸುತ್ತೇವೆ. ಕೊನೆಗೆ ಆ ತೀರ್ಮಾನಕ್ಕೆ ಹೊಂದುವ ಅರ್ಥವನ್ನು ಆರಿಸಿಕೊಳ್ಳುತ್ತೇವೆ. ಮೀಮ್‌ನ ವಿಷಯದಲ್ಲಿ ಬಿದ್ದುಹೋಗುವುದು ಮೂರನೆಯ ಹೆಜ್ಜೆ. ಮೀಮ್‌ಗೆ ಹೆಸರಿಲ್ಲ, ಅದು ನಮ್ಮ ಕೈಗೆ ಬರುವುದು ಸೋದರಮಾವನಿಂದಲೋ ಸಹೋದ್ಯೋಗಿಯಿಂದಲೋ, ಮಾಡಿದವರಿಂದಲ್ಲ. ಬರೆದವರ ನಂಬಿಕೆ ತಿಳಿಯದಾಗ ನಾವು ಕಳಿಸಿದವರ ನಂಬಿಕೆಯನ್ನು ಅದರ ಜಾಗದಲ್ಲಿ ಇಟ್ಟುಕೊಳ್ಳುತ್ತೇವೆ, ಕಳಿಸಿದವರೂ ಗೊತ್ತಿಲ್ಲದಿದ್ದರೆ ನಮ್ಮದನ್ನೇ ಇಟ್ಟುಕೊಳ್ಳುತ್ತೇವೆ. 2005ರಲ್ಲಿ ನೇಥನ್ ಪೋ ಎಂಬುವವರು, ಕ್ರೈಸ್ತ ಚರ್ಚಾತಾಣವೊಂದರಲ್ಲಿ, ಜೀವಿಗಳನ್ನು ದೇವರೇ ಸೃಷ್ಟಿಸಿದನೆನ್ನುವ ಸೃಷ್ಟಿವಾದದ ಮೇಲೆ ವಾಗ್ವಾದ ನಡೆಯುತ್ತಿದ್ದಾಗ, ನಗುಮುಖದ ಚಿಹ್ನೆಯನ್ನೋ ಅಂಥದ್ದೇ ಎದ್ದು ಕಾಣುವ ಸೂಚನೆಯನ್ನೋ ಇಡದೆ ಸೃಷ್ಟಿವಾದಿಯನ್ನು ಅಣಕಿಸಿದರೆ ಅದನ್ನು ನಿಜವೆಂದು ನಂಬುವವರು ಯಾರಾದರೂ ಇದ್ದೇ ಇರುತ್ತಾರೆ ಎಂಬ ಅರ್ಥದ ಮಾತು ಬರೆದರು. ಅದೇ ಮುಂದೆ ‘ಪೋ ನಿಯಮ’ ಎಂದು ಹೆಸರಾಯಿತು. ಅಣಕಿಸುವವರ ಕೌಶಲ ಸಾಲದು ಎಂದು ಈ ನಿಯಮವನ್ನು ಓದಬಾರದು. ಎಷ್ಟೇ ಅತಿರೇಕದ ಅಭಿಪ್ರಾಯವನ್ನು ಕಲ್ಪಿಸಿಕೊಂಡರೂ ಅದನ್ನು ಶ್ರದ್ಧೆಯಿಂದ ನಂಬುವವರು ಎಲ್ಲೋ ಇದ್ದಾರೆ ಎಂದು ಓದುಗರಿಗೆ ಗೊತ್ತಿರುವುದರಿಂದ, ಬೂತನ ಮೊದಲ ಹೆಜ್ಜೆಗೇ, ಅಂದರೆ ಅಕ್ಷರಶಃ ಅರ್ಥವನ್ನು ತಿರಸ್ಕರಿಸುವುದಕ್ಕೇ, ಅವರಿಗೆ ಆಧಾರ ಸಿಗುವುದಿಲ್ಲ.

ಈ ಅಸ್ಪಷ್ಟತೆಯನ್ನು ಬೇಕೆಂದೇ ಆಶ್ರಯವಾಗಿ ಬಳಸುವವರಿದ್ದಾರೆ. ಒಂದು ಸಮುದಾಯದ ಮೇಲಿನ ದ್ವೇಷವನ್ನು ಕೊನೆಯ ಮೆಟ್ಟಿಲಿನಲ್ಲಿಟ್ಟು, ಯಾರಾದರೂ ಪ್ರಶ್ನಿಸಿದರೆ ‘ಅದು ಮೀಮ್, ನಿಮಗೆ ಹಾಸ್ಯಪ್ರಜ್ಞೆ ಇಲ್ಲ’ ಎಂದು, ಯಾರಾದರೂ ಬೆನ್ನು ತಟ್ಟಿದರೆ ಸುಮ್ಮನೆ ಸ್ವೀಕರಿಸುವುದು ಈಗ ಸಾಮಾನ್ಯವಾದ ತಂತ್ರ. ಇಲ್ಲಿಯೂ ‘ಅಣಕಕ್ಕೆ ಸಿಕ್ಕವರು ಯಾರು’ ಎಂಬ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ಅದು ನಿಜವಾಗಿ ವ್ಯಂಗ್ಯವಾಗಿದ್ದರೆ, ಅಣಕಕ್ಕೆ ಸಿಗಬೇಕಾದವನು ದ್ವೇಷವನ್ನು ಆಡಿದ ಆ ಜಾಣ. ಏಣಿಯಲ್ಲಿ ಅವನಿಗೆ ಒಂದು ಗೀರೂ ಬಿದ್ದಿಲ್ಲದೆ, ಪೆಟ್ಟೆಲ್ಲ ಆ ಸಮುದಾಯಕ್ಕೇ ಬಿದ್ದಿದ್ದರೆ, ಅಲ್ಲಿ ಪ್ರತಿಧ್ವನಿ ಇಲ್ಲ; ನೇರ ಮಾತಿಗೆ ಮೆದುಳಿನ ಚಿತ್ರ ಅಂಟಿಸಲಾಗಿದೆ, ಅಷ್ಟೆ.

ಉಪನ್ಯಾಸ ಮುಗಿದ ಬಳಿಕ ಕಾಲೇಜು ಅಧ್ಯಾಪಕಿಯೊಬ್ಬರು ಕೇಳಿದರು: ‘ಸರ್, ದ್ವೇಷದ ವಿಷಯ ಸ್ಪಷ್ಟವಾಯಿತು. ಆದರೆ ಬಸ್ಸಿನ ಏಣಿಯಂಥದ್ದರಲ್ಲಿ ಕೆಡುಕೇನೂ ಇಲ್ಲ. ನನ್ನ ವಿದ್ಯಾರ್ಥಿಗಳು ಅಂಥವನ್ನು ದಿನವೂ ಮಾಡುತ್ತಾರೆ. ಅವರು ನಂಬಿ ಹೇಳುತ್ತಿದ್ದಾರೋ ತಮಾಷೆಗೆ ಹೇಳುತ್ತಿದ್ದಾರೋ ಎಂದು ತಿಳಿಯುವ ದಾರಿಯೇ ಇಲ್ಲವೇ?’

ಪೂರ್ತಿ ಖಚಿತವಾದ ದಾರಿ ಇಲ್ಲ, ಆದರೆ ಎರಡು ಕಡೆ ನೋಡಬಹುದು ಎಂದು ನಾನು ಉತ್ತರಿಸಿದೆ. ಮೊದಲನೆಯದು ಕೊನೆಯ ಮೆಟ್ಟಿಲಿನ ಉದ್ದ. ತಮಾಷೆಗೆ ಮಾಡಿದ ಏಣಿಯಲ್ಲಿ ಕೊನೆಯ ಬರಹ ಚಿಕ್ಕದಾಗಿರುತ್ತದೆ, ಏಕೆಂದರೆ ಅಸಂಬದ್ಧತೆಗೆ ವಿವರಣೆ ಸೇರಿದೊಡನೆ ನಗು ಸಾಯುತ್ತದೆ. ನಂಬಿದವರಿಗೆ ಅಷ್ಟಕ್ಕೆ ನಿಲ್ಲಿಸಲು ಮನಸ್ಸಾಗುವುದಿಲ್ಲ. ‘ಬಸ್ಸಿನಲ್ಲಿ ಹೋಗುವುದು’ ಎಂಬಲ್ಲಿ ‘ಪ್ರತ್ಯೇಕ ಪಥದಲ್ಲಿ, ಐದು ನಿಮಿಷಕ್ಕೊಂದರಂತೆ ಓಡುವ, ಮೆಟ್ರೋ ನಿಲ್ದಾಣಕ್ಕೆ ಕೂಡುವ ಬಸ್ಸಿನಲ್ಲಿ ಹೋಗುವುದು’ ಎಂದು ಬರೆದಿದ್ದರೆ, ಬರೆದವರು ವಾದಿಸುತ್ತಿದ್ದಾರೆ.

ಎರಡನೆಯದು, ಇನ್ನೊಂದು ಮೆಟ್ಟಿಲು ಸೇರಿಸಿ ಎಂದು ಅವರನ್ನೇ ಕೇಳುವುದು. ತಮಾಷೆ ಮಾಡುತ್ತಿದ್ದವರಿಗೆ ಇದು ಸಂತೋಷದ ಕೆಲಸ. ಐದನೆಯದಾಗಿ ‘ಮನೆಯಿಂದ ಹೊರಡದಿರುವುದು’ ಎನ್ನುತ್ತಾರೆ, ಆರನೆಯದಾಗಿ ‘ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿಯೇ ಮನೆ ಮಾಡಿಕೊಳ್ಳುವುದು’ ಎನ್ನುತ್ತಾರೆ, ನಿಲ್ಲಿಸಲು ನೀವೇ ಹೇಳಬೇಕಾಗುತ್ತದೆ. ನಂಬಿದವರು ತಡವರಿಸುತ್ತಾರೆ. ಅವರಿಗೆ ಬಸ್ಸು ಏಣಿಯ ತುದಿ. ಅದರ ಮೇಲೆ ಇನ್ನೇನನ್ನು ಇಟ್ಟರೂ ಬಸ್ಸೂ ಆ ಹುಚ್ಚಿನ ಸಾಲಿನಲ್ಲಿ ಒಂದು ಮೆಟ್ಟಿಲಾಗಿಬಿಡುತ್ತದೆಂದು ಅವರಿಗೆ ಹೇಗೋ ತಿಳಿದಿರುತ್ತದೆ.

‘ಎರಡನ್ನೂ ಮಾಡುವವರು ಇದ್ದರೆ?’ ಎಂದು ಅವರು ಮತ್ತೆ ಕೇಳಿದರು. ಇದ್ದಾರೆ. ಬಸ್ಸನ್ನು ನಂಬಿಯೂ ಅದರ ಮೇಲೆ ಮೆಟ್ಟಿಲು ಹೇರುತ್ತಲೇ ಹೋಗುವವರು, ಯಾವ ಮಾತನ್ನಾದರೂ ಏಣಿಗೆ ಹತ್ತಿಸದೆ ಆಡಲಾರದಷ್ಟು ರೂಢಿಯಾದವರು. ಅವರ ಏಣಿಯನ್ನು ನೋಡಿ ಏನನ್ನೂ ಹೇಳಲಾಗುವುದಿಲ್ಲ. ಅವರು ಬೆಳಿಗ್ಗೆ ಕೆಲಸಕ್ಕೆ ಯಾವುದರಲ್ಲಿ ಹೋಗುತ್ತಾರೆಂದು ನೋಡಬೇಕು.